‘40(ಬಿ) ಪ್ರಕಾರ ಸಂಬಳ’ ಎಂದು ಬರೆದರೆ ಸಾಕೇ? ಪಾಲುದಾರಿಕೆ ಪತ್ರದ ಒಂದು ಕಲಮಿಗೆ 4.68 ಲಕ್ಷದ ತೆರಿಗೆ

2025ರ ಏಪ್ರಿಲ್ 1ರಿಂದ ಫರ್ಮುಗಳು ತಮ್ಮ ಪಾಲುದಾರರಿಗೆ ಕೊಡುವ ಸಂಬಳ, ಬಡ್ಡಿ, ಕಮಿಷನ್ ಎಲ್ಲ ಸೇರಿ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ. 10ರಷ್ಟು ಟಿಡಿಎಸ್ ಮುರಿಯಬೇಕು. ಕೈಗೆ ದುಡ್ಡು ಕೊಡದೆ ಪಾಲುದಾರರ ಬಂಡವಾಳ ಖಾತೆಗೆ ಜಮಾ ಮಾಡಿದರೂ ಇದು ತಪ್ಪುವುದಿಲ್ಲ. ಈ ನಿಯಮ ಬಂದ ಮೇಲೆ ಕಪಾಟಿನಲ್ಲಿದ್ದ ಪಾಲುದಾರಿಕೆ ಪತ್ರಗಳನ್ನು ತೆಗೆದು ಓದುವುದು ಅನಿವಾರ್ಯವಾಯಿತು. ಎಷ್ಟು ಸಂಬಳ, ಯಾರಿಗೆ, ಯಾವ ದರದ ಬಡ್ಡಿ ಎಂಬುದನ್ನು ಅಲ್ಲಿಂದಲೇ ತಿಳಿಯಬೇಕು. ಹತ್ತು ಹದಿನೈದು ವರ್ಷದ ಹಿಂದೆ ಬರೆಸಿದ ಎಷ್ಟೋ ಪತ್ರಗಳಲ್ಲಿ ಈ ಪ್ರಶ್ನೆಗೆ ನೇರ ಉತ್ತರವಿಲ್ಲ.

ಆ ಉತ್ತರ ಇಲ್ಲದಿರುವುದನ್ನೇ ಹಿಡಿದು ಆದಾಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ವ್ಯಾಪಾರಸ್ಥರಿಗೆ ಗೊಂದಲವಾಗುತ್ತದೆ. ಸಂಬಳ ನಿಜವಾಗಿ ಕೊಟ್ಟಿದೆ, ಕಿರ್ದಿಯಲ್ಲಿ ಬರೆದಿದೆ, ಪಡೆದವರು ತಮ್ಮ ರಿಟರ್ನಿನಲ್ಲಿ ತೋರಿಸಿದ್ದಾರೆ. ಇಷ್ಟೆಲ್ಲ ಇದ್ದೂ ಖರ್ಚನ್ನು ಒಪ್ಪುವುದಿಲ್ಲ ಎಂದರೆ ಏನರ್ಥ? ಅಂಥ ನೋಟಿಸಿಗೆ ಫರ್ಮು ಏನೆಂದು ಉತ್ತರ ಬರೆಯಬಹುದು, ಎಲ್ಲಿಯವರೆಗೆ ಹೋರಾಡಬಹುದು, ಎಲ್ಲಿ ಸೋಲೊಪ್ಪುವುದು ಲೇಸು ಎಂಬುದನ್ನು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಪತ್ರಕ್ಕೆ ಇಷ್ಟು ಬೆಲೆ ಯಾಕೆ

ಫರ್ಮಿನ ಆದಾಯಕ್ಕೆ ತೆರಿಗೆ ನೇರ ಶೇ. 30, ಸೆಸ್ ಸೇರಿ 31.2. ವ್ಯಕ್ತಿಗಳಿಗಿರುವಂಥ ಮೂಲ ವಿನಾಯಿತಿ ಎಂಬ ಮಾತು ಇಲ್ಲಿಲ್ಲ. ಪಾಲುದಾರರಿಗೆ ಕೊಟ್ಟ ಸಂಬಳ, ಬಡ್ಡಿಯನ್ನು ಫರ್ಮು ಖರ್ಚು ಎಂದು ಕಳೆದರೆ ಆ ಹಣ ಪಾಲುದಾರರ ಕೈಯಲ್ಲಿ ಅವರವರ ಸ್ಲ್ಯಾಬಿನ ಪ್ರಕಾರ ತೆರಿಗೆಗೆ ಬರುತ್ತದೆ. ಲಾಭ ಎಂದೇ ಉಳಿಸಿಕೊಂಡರೆ ಫರ್ಮು 31.2 ಕಟ್ಟುತ್ತದೆ, ಪಾಲುದಾರರ ಪಾಲಿಗೆ ಬಂದ ಲಾಭಕ್ಕೆ ಮತ್ತೆ ತೆರಿಗೆ ಇರುವುದಿಲ್ಲ. ಅಂದರೆ ಸಂಬಳವೋ ಲಾಭವೋ ಎಂಬುದರ ಮೇಲೆ ತೆರಿಗೆಯ ಮೊತ್ತವೇ ಬದಲಾಗುತ್ತದೆ.

ಪಾಲುದಾರರು ಮಾಲೀಕರೂ ಹೌದು, ಸಂಬಳ ತೆಗೆದುಕೊಳ್ಳುವವರೂ ಹೌದು. ವರ್ಷದ ಕೊನೆಗೆ ಕುಳಿತು ತಮಗೆ ಅನುಕೂಲವಾಗುವ ಅಂಕಿಯನ್ನು ಬರೆದುಕೊಳ್ಳಬಾರದು ಎಂಬ ಕಾರಣಕ್ಕೇ 1961ರ ಆದಾಯ ತೆರಿಗೆ ಕಾಯಿದೆಯ 40(ಬಿ) ಕಲಂ ಕೆಲವು ಬಾಗಿಲುಗಳನ್ನು ಹಾಕಿದೆ. ಸಂಬಳ ದುಡಿಯುವ ಪಾಲುದಾರರಿಗೆ ಮಾತ್ರ. ಸಂಬಳವಿರಲಿ ಬಡ್ಡಿಯಿರಲಿ, ಪಾಲುದಾರಿಕೆ ಪತ್ರ ಅದಕ್ಕೆ ಅಧಿಕಾರ ಕೊಟ್ಟಿರಬೇಕು, ಕೊಟ್ಟದ್ದು ಪತ್ರದ ಷರತ್ತಿಗೆ ತಕ್ಕಂತೆ ಇರಬೇಕು, ಪತ್ರದ ತಾರೀಖಿನ ನಂತರದ ಅವಧಿಯದ್ದಾಗಿರಬೇಕು. ಬಡ್ಡಿ ಶೇ. 12ರ ಸರಳ ಬಡ್ಡಿ ಮೀರಬಾರದು. ಸಂಬಳ ಬುಕ್ ಪ್ರಾಫಿಟ್‌ನ, ಅಂದರೆ ಬಡ್ಡಿ ಕಳೆದು ಸಂಬಳ ಕಳೆಯುವ ಮುಂಚಿನ ಲಾಭದ, ಲೆಕ್ಕದ ಮಿತಿಯೊಳಗಿರಬೇಕು. 2024-25ರ ಹಣಕಾಸು ವರ್ಷದಿಂದ ಆ ಮಿತಿ ಹೀಗಿದೆ: ಮೊದಲ 6 ಲಕ್ಷಕ್ಕೆ ಶೇ. 90 ಅಥವಾ 3 ಲಕ್ಷ, ಯಾವುದು ಹೆಚ್ಚೋ ಅದು, ಉಳಿದದ್ದಕ್ಕೆ ಶೇ. 60.

1932ರ ಪಾಲುದಾರಿಕೆ ಕಾಯಿದೆಯ 13ನೇ ಕಲಂ ಹೇಳುವುದೂ ಇದೇ ದಿಕ್ಕಿನಲ್ಲಿದೆ. ಪಾಲುದಾರರು ತಮ್ಮೊಳಗೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ, ವ್ಯಾಪಾರದಲ್ಲಿ ದುಡಿದದ್ದಕ್ಕೆ ಯಾವ ಪಾಲುದಾರನಿಗೂ ಸಂಬಳದ ಹಕ್ಕಿಲ್ಲ.

ಬ್ಯಾಡಗಿಯ ಒಂದು ಮೆಣಸಿನಕಾಯಿ ಫರ್ಮು

ವಿವರಣೆಗಾಗಿ ಒಂದು ಫರ್ಮನ್ನು ಕಲ್ಪಿಸಿಕೊಳ್ಳೋಣ. ಬ್ಯಾಡಗಿ ಮಾರುಕಟ್ಟೆಯಲ್ಲಿ ಡಬ್ಬಿ, ಕಡ್ಡಿ ಮೆಣಸಿನಕಾಯಿ ಖರೀದಿಸಿ ಹೊರರಾಜ್ಯಕ್ಕೆ ಕಳಿಸುವ ಅಂಗಡಿ. ಅಣ್ಣ, ತಮ್ಮ ಮತ್ತು ಅವರ ಅವ್ವ ಪಾಲುದಾರರು. ಲಾಭದಲ್ಲಿ 40, 40, 20ರ ಪಾಲು. ಅಣ್ಣ ಖರೀದಿ ನೋಡುತ್ತಾನೆ, ತಮ್ಮ ಲಾರಿ, ವಸೂಲಿ, ಬ್ಯಾಂಕು ನೋಡುತ್ತಾನೆ. ಅವ್ವ ಬಂಡವಾಳ ಹಾಕಿದ್ದಾರೆ, ಅಂಗಡಿಗೆ ಬರುವುದಿಲ್ಲ. ಪತ್ರ 2012ರದ್ದು.

ಅದರಲ್ಲಿ ಸಂಬಳದ ಕಲಂ ಇಷ್ಟು: ‘1 ಮತ್ತು 2ನೇ ಪಾರ್ಟಿಯವರು ದುಡಿಯುವ ಪಾಲುದಾರರಾಗಿದ್ದು, ಆದಾಯ ತೆರಿಗೆ ಕಾಯಿದೆಯ 40(ಬಿ) ಕಲಮಿನ ಪ್ರಕಾರ ಲೆಕ್ಕ ಹಾಕಿದ ಸಂಬಳಕ್ಕೆ ಹಕ್ಕುದಾರರು. ಪರಸ್ಪರ ಒಪ್ಪಿ ಅದನ್ನು ಕಡಿಮೆ ಮಾಡಿಕೊಳ್ಳಬಹುದು.’ ಬಡ್ಡಿಯ ಕಲಂ: ‘ಪಾಲುದಾರರ ಬಂಡವಾಳದ ಮೇಲೆ ವರ್ಷಕ್ಕೆ ಶೇ. 12ರಂತೆ ಬಡ್ಡಿ ಕೊಡತಕ್ಕದ್ದು.’

2024-25ರಲ್ಲಿ ಸಂಬಳ, ಬಡ್ಡಿ ಕಳೆಯುವ ಮುಂಚಿನ ಲಾಭ 21,00,000 ರೂಪಾಯಿ. ಮೂವರ ಬಂಡವಾಳ 40 ಲಕ್ಷ. ಅದರ ಬಡ್ಡಿ 4,80,000. ಇದಲ್ಲದೆ ಸುಗ್ಗಿಯ ಹೊತ್ತಿಗೆ ದುಡ್ಡಿನ ಅಡಚಣೆಯಾದಾಗ ಅವ್ವ 5 ಲಕ್ಷ ಕೈಗಡ ಕೊಟ್ಟಿದ್ದರು. ಅದನ್ನು ಬೇರೆ ಸಾಲದ ಖಾತೆಯಲ್ಲಿಟ್ಟು, ಅದಕ್ಕೂ ಶೇ. 12ರಂತೆ 60,000 ಬಡ್ಡಿ ಜಮಾ ಮಾಡಿದ್ದಾರೆ. ಅಣ್ಣತಮ್ಮಂದಿರಿಗೆ ತಿಂಗಳಿಗೆ 40,000ದಂತೆ ಒಟ್ಟು 9,60,000 ಸಂಬಳ. ಉಳಿದ 6,00,000ಕ್ಕೆ ಫರ್ಮು 1,87,200 ತೆರಿಗೆ ಕಟ್ಟಿದೆ.

ಮಿತಿಯ ಲೆಕ್ಕ ಸರಿ ಇದೆಯೇ? 21,00,000ದಲ್ಲಿ ಒಟ್ಟು ಬಡ್ಡಿ 5,40,000 ಕಳೆದರೆ ಬುಕ್ ಪ್ರಾಫಿಟ್ 15,60,000. ಮೊದಲ 6 ಲಕ್ಷದ ಶೇ. 90 ಅಂದರೆ 5,40,000. ಉಳಿದ 9,60,000ದ ಶೇ. 60 ಅಂದರೆ 5,76,000. ಒಟ್ಟು 11,16,000ದವರೆಗೆ ಸಂಬಳಕ್ಕೆ ಅವಕಾಶವಿತ್ತು. ಕೊಟ್ಟದ್ದು ಅದಕ್ಕಿಂತ ಕಡಿಮೆ.

ಆದರೂ ಕಾರಣ ಕೇಳುವ ನೋಟಿಸ್ ಬರುತ್ತದೆ. ಪತ್ರದಲ್ಲಿ ಪ್ರತಿ ಪಾಲುದಾರನ ಸಂಬಳ ಎಷ್ಟೆಂದು ಬರೆದಿಲ್ಲ, ಸ್ಪಷ್ಟ ಕಲಂ ಇಲ್ಲದ್ದರಿಂದ ಸಂಬಳ ಮತ್ತು ಬಡ್ಡಿ ಒಟ್ಟು 15,00,000ವನ್ನು ಆದಾಯಕ್ಕೆ ಯಾಕೆ ಸೇರಿಸಬಾರದು ಎಂಬ ಪ್ರಶ್ನೆ. ಸೇರಿಸಿದರೆ ಹೆಚ್ಚುವರಿ ತೆರಿಗೆ 4,68,000. ಅದರ ಮೇಲೆ ತಿಂಗಳಿಗೆ ಶೇ. 1ರ ಬಡ್ಡಿ ಬೇರೆ.

ಇಲಾಖೆಯ ಕೈಯಲ್ಲಿರುವ ಸುತ್ತೋಲೆ

ಅಧಿಕಾರಿ ಆಧಾರ ಮಾಡಿಕೊಳ್ಳುವುದು ಕೇಂದ್ರ ನೇರ ತೆರಿಗೆ ಮಂಡಳಿಯ 739ನೇ ಸುತ್ತೋಲೆಯನ್ನು. ಅದರ ತಾರೀಖು 25 ಮಾರ್ಚ್ 1996. ಪ್ರತಿಯೊಬ್ಬ ದುಡಿಯುವ ಪಾಲುದಾರನಿಗೆ ಕೊಡುವ ಮೊತ್ತವನ್ನು ಪತ್ರದಲ್ಲಿ ಬರೆದಿರಬೇಕು, ಇಲ್ಲವೇ ಅದನ್ನು ಲೆಕ್ಕ ಹಾಕುವ ವಿಧಾನವನ್ನಾದರೂ ಹೇಳಿರಬೇಕು ಎಂಬುದು ಅದರ ತಿರುಳು. ಎರಡೂ ಇಲ್ಲದಿದ್ದರೆ, ಆರಂಭದ ಕೆಲವು ವರ್ಷಗಳಿಗೆ ತೋರಿಸಿದ ರಿಯಾಯಿತಿಯ ನಂತರ, ಸಂಬಳವನ್ನು ಖರ್ಚೆಂದು ಒಪ್ಪುವುದಿಲ್ಲ.

ನ್ಯಾಯಾಲಯಗಳು ಈ ವಿಷಯದಲ್ಲಿ ಎರಡು ದಾರಿ ಹಿಡಿದಂತೆ ಮೇಲ್ನೋಟಕ್ಕೆ ಕಾಣುತ್ತದೆ. ಸೂದ್ ಬ್ರಿಜ್ ಆಂಡ್ ಅಸೋಸಿಯೇಟ್ಸ್ ಪ್ರಕರಣದಲ್ಲಿ 2011ರಲ್ಲಿ ದೆಹಲಿ ಹೈಕೋರ್ಟು ಫರ್ಮಿನ ವಿರುದ್ಧ ತೀರ್ಪು ಕೊಟ್ಟಿತು. ಅಲ್ಲಿ ಸಂಬಳದ ಮೊತ್ತವನ್ನು ಪಾಲುದಾರರು ಮುಂದೆ ತಮ್ಮೊಳಗೆ ಒಪ್ಪಿಕೊಳ್ಳುವುದಕ್ಕೆ ಬಿಡಲಾಗಿತ್ತು. ಪತ್ರ ಓದಿದವನಿಗೆ ಅಂಕಿ ಸಿಗುವುದಿಲ್ಲ, ಅಂಕಿ ತಲುಪುವ ದಾರಿಯೂ ಸಿಗುವುದಿಲ್ಲ. ಇನ್ನೊಂದು ಕಡೆ ಹಿಮಾಚಲ ಪ್ರದೇಶ ಹೈಕೋರ್ಟು ಅನಿಲ್ ಹಾರ್ಡ್‌ವೇರ್ ಸ್ಟೋರ್ ಪ್ರಕರಣದಲ್ಲಿ, ಬುಕ್ ಪ್ರಾಫಿಟ್‌ನ ಮೇಲೆ ಲೆಕ್ಕ ಹಾಕುವ ವಿಧಾನ ಪತ್ರದಲ್ಲಿದ್ದರೆ ಸಾಕು ಎಂದಿತು. ದುರ್ಗಾ ದಾಸ್ ದೇವಕಿ ನಂದನ್ ಪ್ರಕರಣದಲ್ಲಿ ಅದೇ ಹೈಕೋರ್ಟು ಇನ್ನೂ ಮುಂದೆ ಹೋಗಿ, ಕಾಯಿದೆಯಲ್ಲಿಲ್ಲದ ಷರತ್ತನ್ನು ಸುತ್ತೋಲೆಯಿಂದ ಹೇರಲಾಗದು ಎಂದು ಹೇಳಿತು. 2015ರಲ್ಲಿ ವೈಶ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟೇ, ಲೆಕ್ಕದ ವಿಧಾನ ಪತ್ರದಲ್ಲಿದ್ದ ಫರ್ಮಿಗೆ ಸೂದ್ ಬ್ರಿಜ್ ತೀರ್ಪು ಅನ್ವಯಿಸುವುದಿಲ್ಲ ಎಂದು ಬೇರ್ಪಡಿಸಿ ನೋಡಿತು.

ಜೋಡಿಸಿ ಓದಿದರೆ ಇವುಗಳ ನಡುವೆ ನಿಜವಾದ ಜಗಳ ಕಡಿಮೆ. ಪತ್ರವನ್ನೂ ಲಾಭನಷ್ಟದ ಪಟ್ಟಿಯನ್ನೂ ಅಪರಿಚಿತನೊಬ್ಬನ ಕೈಗೆ ಕೊಟ್ಟರೆ ಅವನು ಪಾಲುದಾರರನ್ನು ಕೇಳದೆಯೇ ಸಂಬಳದ ಅಂಕಿಗೆ ತಲುಪಬಲ್ಲನೇ? ತಲುಪಬಲ್ಲನಾದರೆ ವಿಧಾನ ಇದೆ. ‘ಪಾಲುದಾರರು ಕಾಲಕಾಲಕ್ಕೆ ಒಪ್ಪಿದಂತೆ’ ಎಂದಷ್ಟೇ ಬರೆದ ಪತ್ರ ಈ ಪರೀಕ್ಷೆಯಲ್ಲಿ ಬೀಳುತ್ತದೆ. ‘40(ಬಿ) ಪ್ರಕಾರ ಲೆಕ್ಕ ಹಾಕಿದ’ ಎಂಬ ಪತ್ರ ನಿಲ್ಲುತ್ತದೆ, ಯಾಕೆಂದರೆ ಆ ಕಲಮಿನಲ್ಲೇ ಸೂತ್ರವಿದೆ.

ನಮ್ಮ ಭಾಗದವರು ಒಂದು ಮಾತು ಗಮನಿಸಬೇಕು. ಹಿಮಾಚಲ, ದೆಹಲಿ ಹೈಕೋರ್ಟುಗಳ ತೀರ್ಪು ಕರ್ನಾಟಕದ ಫರ್ಮುಗಳ ಪ್ರಕರಣದಲ್ಲಿ ತೂಕದ ವಾದವಾಗಬಲ್ಲದೇ ಹೊರತು, ನಮ್ಮ ಹೈಕೋರ್ಟಿನ ತೀರ್ಪಿನಂತೆ ಅಧಿಕಾರಿಯನ್ನು ಕಟ್ಟಿಹಾಕುವುದಿಲ್ಲ. ಹಾಗಾಗಿ ಉತ್ತರದಲ್ಲಿ ತೀರ್ಪುಗಳ ಪಟ್ಟಿಗಿಂತ ಮುಂಚೆ ಕಾಯಿದೆಯ ಮಾತು ಬರಬೇಕು.

ಉತ್ತರದ ಮೊದಲ ಕೆಲಸ: ಗಂಟು ಬಿಚ್ಚುವುದು

ನೋಟಿಸ್ 15 ಲಕ್ಷವನ್ನು ಒಂದೇ ಗಂಟಾಗಿ ಕಟ್ಟಿದೆ. ಫರ್ಮು ಆ ಗಂಟಿಗೇ ಉತ್ತರ ಬರೆದರೆ ತನ್ನ ಗಟ್ಟಿ ವಾದವನ್ನೂ ಸಡಿಲ ವಾದದ ಜೊತೆ ಮುಳುಗಿಸುತ್ತದೆ. ಇದರಲ್ಲಿ ಮೂರು ಬೇರೆ ಬೇರೆ ಮೊತ್ತಗಳಿವೆ, ಮೂರರ ಹಣೆಬರಹವೂ ಬೇರೆ.

ಬಂಡವಾಳದ ಬಡ್ಡಿ 4,80,000. ಪತ್ರದಲ್ಲಿ ಅಧಿಕಾರವಿದೆ, ದರವಿದೆ, ಆ ದರ ಶೇ. 12 ಮೀರಿಲ್ಲ. ನೋಟಿಸ್ ಎತ್ತಿದ ಸುತ್ತೋಲೆ ಸಂಬಳದ ಬಗ್ಗೆ ಮಾತಾಡುತ್ತದೆ, ಬಡ್ಡಿಯ ಬಗ್ಗೆ ಅಲ್ಲ. ಬಡ್ಡಿಯ ಕಲಮಿನ ಪ್ರತಿ, ಮೂವರ ಬಂಡವಾಳ ಖಾತೆ, ಲೆಕ್ಕದ ಹಾಳೆ ಇಟ್ಟರೆ ಈ ಭಾಗ ಎರಡು ಪ್ಯಾರಾದಲ್ಲಿ ಮುಗಿಯಬೇಕು.

ಅವ್ವನ ಕೈಗಡದ ಬಡ್ಡಿ 60,000. ಪತ್ರ ಹೇಳಿದ್ದು ಬಂಡವಾಳದ ಮೇಲಿನ ಬಡ್ಡಿ. ಸಾಲದ ಖಾತೆಯ ಬಗ್ಗೆ ಅದು ಮೌನ. ಬಂಡವಾಳಕ್ಕಿಂತ ಹೆಚ್ಚಾಗಿ ಕೊಟ್ಟ ಹಣಕ್ಕೆ ಶೇ. 6ರ ಬಡ್ಡಿಯ ಹಕ್ಕು ಪಾಲುದಾರಿಕೆ ಕಾಯಿದೆಯಲ್ಲಿದೆ ನಿಜ. ಆದರೆ 40(ಬಿ) ಕೇಳುವುದು ಪತ್ರದ ಅಧಿಕಾರವನ್ನು. ಇಲ್ಲಿ ಎಳೆದಾಡುವುದರಿಂದ ಫರ್ಮಿಗೆ ಲಾಭವಿಲ್ಲ. ಒಪ್ಪಿಕೊಂಡರೆ ಹೋಗುವ ತೆರಿಗೆ 18,720. ಒಪ್ಪಿದ ಮೇಲೆ ಬುಕ್ ಪ್ರಾಫಿಟ್ 60,000ದಷ್ಟು ಏರುತ್ತದೆ, ಸಂಬಳದ ಮಿತಿಯೂ 11,52,000ಕ್ಕೆ ಏರುತ್ತದೆ ಎಂಬುದನ್ನೂ ಅಲ್ಲೇ ಬರೆಯಬೇಕು. ತಪ್ಪನ್ನು ತಾನೇ ಹೇಳಿದ ಉತ್ತರವನ್ನು ಓದುವ ಅಧಿಕಾರಿ ಉಳಿದ ಮಾತನ್ನೂ ಗಮನಕೊಟ್ಟು ಓದುತ್ತಾನೆ.

ಉಳಿದದ್ದು 9,60,000ದ ಸಂಬಳ. ನಿಜವಾದ ಕದನ ಇಲ್ಲಿ.

ಸಂಬಳದ ಬಗ್ಗೆ ಬರೆಯಬೇಕಾದದ್ದು

ಆಕ್ಷೇಪ ಎರಡು. ಮೊದಲನೆಯದು, ಅಣ್ಣನಿಗೆ ಎಷ್ಟು ತಮ್ಮನಿಗೆ ಎಷ್ಟು ಎಂದು ಪತ್ರದಲ್ಲಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮ: ಸೂತ್ರದ ಪ್ರಕಾರ 11,16,000 ಬರಬೇಕಿತ್ತು, ಕೊಟ್ಟದ್ದು 9,60,000, ಹಾಗಿದ್ದರೆ ಇದು ಪತ್ರಕ್ಕೆ ತಕ್ಕ ಸಂಬಳ ಹೇಗಾಯಿತು?

ಮೊದಲನೆಯದಕ್ಕೆ ಉತ್ತರ ಕಾಯಿದೆಯ ಮಾತಿನಲ್ಲೇ ಇದೆ. 40(ಬಿ)ಯ ಸಂಬಳದ ಮಿತಿ ಒಬ್ಬೊಬ್ಬರಿಗಲ್ಲ. ವರ್ಷದಲ್ಲಿ ಎಲ್ಲ ಪಾಲುದಾರರಿಗೆ ಕೊಟ್ಟ ಒಟ್ಟು ಮೊತ್ತಕ್ಕೆ. ಫರ್ಮಿನ ಆದಾಯದಲ್ಲಿ ಕಳೆಯುವುದೂ ಒಟ್ಟು ಮೊತ್ತವನ್ನೇ. ಇಬ್ಬರ ನಡುವಿನ ಹಂಚಿಕೆ ಹೇಗಿದ್ದರೂ ಫರ್ಮಿನ ತೆರಿಗೆ ಬದಲಾಗುವುದಿಲ್ಲ. ಸುತ್ತೋಲೆಯೂ ಮೊತ್ತ ಅಥವಾ ವಿಧಾನ ಎಂದು ಎರಡು ದಾರಿ ಕೊಟ್ಟಿದೆ, ಎರಡೂ ಬೇಕೆಂದಿಲ್ಲ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಇದೇ ಫರ್ಮಿನ ದುರ್ಬಲ ಜಾಗ ಕೂಡ. ‘ಪ್ರತಿಯೊಬ್ಬ ಪಾಲುದಾರನ ಸಂಬಳ ಲೆಕ್ಕ ಹಾಕುವ ವಿಧಾನ’ ಎಂದು ಅಧಿಕಾರಿ ಒತ್ತಿ ಓದಿದರೆ, ‘ಸಮಪಾಲಾಗಿ’ ಎಂಬ ಒಂದೇ ಶಬ್ದ ಪತ್ರದಲ್ಲಿ ಇದ್ದಿದ್ದರೆ ಚೆನ್ನಾಗಿತ್ತು ಎನಿಸುತ್ತದೆ. ಇಬ್ಬರೂ ಸಮನಾಗಿ ಪಡೆದದ್ದನ್ನು, ಹಿಂದಿನ ವರ್ಷಗಳಲ್ಲೂ ಹಾಗೇ ಪಡೆದಿದ್ದರೆ ಆ ಖಾತೆಗಳನ್ನೂ, ಲಾಭದಲ್ಲಿ ಇಬ್ಬರ ಪಾಲೂ ಸಮವೆಂಬುದನ್ನು ತೋರಿಸಿ ಆ ಕೊರತೆ ತುಂಬಬೇಕು.

ಎರಡನೆಯದಕ್ಕೆ ಪತ್ರದ ಕೊನೆಯ ವಾಕ್ಯ ಕೈಹಿಡಿಯುತ್ತದೆ. ಒಪ್ಪಿ ಕಡಿಮೆ ಮಾಡಿಕೊಳ್ಳಬಹುದು ಎಂದಿರುವುದರಿಂದ ಕಡಿಮೆ ಪಡೆದದ್ದೂ ಪತ್ರಕ್ಕೆ ತಕ್ಕದ್ದೇ. ಆ ವಾಕ್ಯ ಇಲ್ಲದ ಪತ್ರಗಳಲ್ಲಿ ಈ ಪ್ರಶ್ನೆ ಬಹಳ ಕಾಡುತ್ತದೆ.

ಉತ್ತರದ ಮುಖ್ಯ ಪ್ಯಾರಾ ಹೆಚ್ಚುಕಡಿಮೆ ಹೀಗಿರಬಹುದು: ‘ಪತ್ರದ ಸಂಬಳದ ಕಲಂ ದುಡಿಯುವ ಪಾಲುದಾರರನ್ನು ಗುರುತಿಸಿದೆ, ಸಂಬಳಕ್ಕೆ ಅಧಿಕಾರ ಕೊಟ್ಟಿದೆ, 40(ಬಿ) ಕಲಮಿನ ಸೂತ್ರವನ್ನೇ ಲೆಕ್ಕದ ವಿಧಾನವಾಗಿ ಅಳವಡಿಸಿಕೊಂಡಿದೆ. ಆ ಸೂತ್ರದಂತೆ ರಿಟರ್ನಿನ ಲೆಕ್ಕದಲ್ಲಿ 11,16,000 ರೂ., ಕೈಗಡದ ಬಡ್ಡಿ ಬಿಟ್ಟುಕೊಟ್ಟ ಮೇಲೆ 11,52,000 ರೂ. ಬರುತ್ತದೆ, ಲೆಕ್ಕದ ಹಾಳೆ ಲಗತ್ತಿಸಿದೆ. ಪಾಲುದಾರರು ಪತ್ರದಲ್ಲಿರುವ ಅಧಿಕಾರದಂತೆ ಒಪ್ಪಿ 9,60,000 ರೂ. ಮಾತ್ರ ಪಡೆದಿದ್ದಾರೆ. ಮೊತ್ತವನ್ನು ಮುಂದಿನ ಒಪ್ಪಂದಕ್ಕೆ ಬಿಟ್ಟ ಪತ್ರ ಇದಲ್ಲವಾದ್ದರಿಂದ ಸೂದ್ ಬ್ರಿಜ್ ಪ್ರಕರಣದ ತೀರ್ಪು ಇಲ್ಲಿಗೆ ಹೊಂದುವುದಿಲ್ಲ.’ ಪೋರ್ಟಲ್‌ಗೆ ಹಾಕುವಾಗ ಇದನ್ನು ಆಡಿಟರ್ ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಆದರೆ ಸಹಿ ಹಾಕುವ ಪಾಲುದಾರನಿಗೆ ತನ್ನ ವಾದ ತನ್ನ ಭಾಷೆಯಲ್ಲಿ ಗೊತ್ತಿರಬೇಕು. ಅಧಿಕಾರಿಯ ಮುಖ ನೋಡದೆ ಎಲ್ಲವೂ ಪೋರ್ಟಲಿನಲ್ಲೇ ನಡೆಯುವ ಈ ಪದ್ಧತಿಯಲ್ಲಿ ವಿಡಿಯೋ ಮೂಲಕ ವಿಚಾರಣೆ ಕೇಳುವ ಅವಕಾಶವಿದೆ; ಉತ್ತರದ ಕೊನೆಯಲ್ಲೇ ಅದನ್ನು ಕೇಳುವುದು ಒಳ್ಳೆಯದು.

ಮಾಡಬಾರದ ಕೆಲಸ ಒಂದಿದೆ. ನೋಟಿಸ್ ಬಂದ ಮೇಲೆ ಸ್ಪಷ್ಟ ಕಲಂ ಸೇರಿಸಿ ಹೊಸ ಪತ್ರ ಬರೆಸಿ, ಅದನ್ನು ಹಳೆಯ ವರ್ಷಕ್ಕೆ ತೋರಿಸುವುದು. ಪತ್ರದ ತಾರೀಖಿಗಿಂತ ಹಿಂದಿನ ಅವಧಿಯ ಸಂಬಳವನ್ನು ಕಾಯಿದೆಯೇ ಒಪ್ಪುವುದಿಲ್ಲ. ಹಿಂದಿನ ತಾರೀಖು ಹಾಕಿದರಂತೂ ಅದು ಸುಳ್ಳು ದಾಖಲೆ. ಇ-ಸ್ಟಾಂಪ್ ಕಾಗದದ ಮೇಲೆ ಅದು ಹೊರಟ ದಿನ, ಗಂಟೆ, ನಿಮಿಷ ಎಲ್ಲವೂ ಅಚ್ಚಾಗಿರುತ್ತದೆ.

ಪಾಲುದಾರರು ಆಗಲೇ ತೆರಿಗೆ ಕಟ್ಟಿದ್ದರೆ?

ಒಂದೇ ಹಣಕ್ಕೆ ಎರಡು ತೆರಿಗೆ ಎಂಬ ಅಳಲು ಸಹಜ. ಅದಕ್ಕೆ ಕಾಯಿದೆಯಲ್ಲಿ ಪರಿಹಾರವಿದೆ, ಆದರೆ ಅದನ್ನು ಕೇಳಿ ಪಡೆಯಬೇಕು. ಫರ್ಮಿನಲ್ಲಿ ಒಪ್ಪದ ಮೊತ್ತವನ್ನು ಪಾಲುದಾರನ ಆದಾಯದಿಂದ ಇಳಿಸಬೇಕೆಂದು 28ನೇ ಕಲಂ ಹೇಳುತ್ತದೆ. ಅದರಂತೆ ಪಾಲುದಾರನ ಆದೇಶ ತಿದ್ದಲು 155(1ಎ) ಕಲಮಿನಲ್ಲಿ ಅವಕಾಶವಿದ್ದು, ಫರ್ಮಿನ ಅಂತಿಮ ಆದೇಶವಾದ ಹಣಕಾಸು ವರ್ಷದ ಕೊನೆಯಿಂದ ನಾಲ್ಕು ವರ್ಷದ ಗಡುವಿದೆ.

ನಮ್ಮ ಉದಾಹರಣೆಯಲ್ಲಿ ಈ ಪರಿಹಾರದಿಂದ ಒಂದು ರೂಪಾಯಿಯೂ ಮರಳುವುದಿಲ್ಲ ಎಂಬುದೇ ನೋವಿನ ಸಂಗತಿ. ಅಣ್ಣನಿಗೆ ಸಂಬಳ 4,80,000, ತನ್ನ 15 ಲಕ್ಷ ಬಂಡವಾಳದ ಬಡ್ಡಿ 1,80,000, ಒಟ್ಟು 6,60,000. ತಮ್ಮನದ್ದೂ ಅಷ್ಟೇ. ಆ ವರ್ಷದ ಹೊಸ ತೆರಿಗೆ ಪದ್ಧತಿಯಲ್ಲಿ 7 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿಯಿದ್ದು ತೆರಿಗೆ ಸೊನ್ನೆ. ಅವ್ವನ 1,80,000 ಮೂಲ ವಿನಾಯಿತಿಯೊಳಗೇ ಇದೆ. ಬೇರೆ ಆದಾಯವಿಲ್ಲದ ಈ ಮನೆಯಲ್ಲಿ ಸೊನ್ನೆ ತೆರಿಗೆಯ ಹಣ, ಪತ್ರದ ಒಂದು ವಾಕ್ಯದ ಕಾರಣಕ್ಕೆ 4,68,000ದ ತೆರಿಗೆಗೆ ಗುರಿಯಾಗುತ್ತದೆ. ಸಣ್ಣ ಪಟ್ಟಣಗಳ ಕುಟುಂಬ ಫರ್ಮುಗಳಿಗೇ ಈ ಹೊಡೆತ ಹೆಚ್ಚು ಬೀಳುತ್ತದೆ. ದೊಡ್ಡ ಸ್ಲ್ಯಾಬಿನ ಪಾಲುದಾರರಿದ್ದಲ್ಲಿ ಒಂದು ಕಡೆ ಹೋದದ್ದು ಇನ್ನೊಂದು ಕಡೆ ಮರಳುತ್ತದೆ.

ಆದೇಶ ವಿರುದ್ಧ ಬಂದರೆ

ಪೂರ್ತಿ 15 ಲಕ್ಷ ಸೇರಿಸಿದ ಆದೇಶ ಬಂದರೆ 30 ದಿನದೊಳಗೆ ಆಯುಕ್ತರ ಮುಂದೆ ಮೇಲ್ಮನವಿ ಹಾಕಬೇಕು. ಅದು ತೀರ್ಮಾನವಾಗುವವರೆಗೆ ವಸೂಲಿ ತಡೆಯಲು ಸಾಮಾನ್ಯವಾಗಿ ವಿವಾದದ ಬೇಡಿಕೆಯ ಒಂದು ಪಾಲನ್ನು ಕಟ್ಟಬೇಕಾಗುತ್ತದೆ.

ದಂಡದ ಮಾತೂ ಬರುತ್ತದೆ. ಆದಾಯ ಕಡಿಮೆ ತೋರಿಸಿದ್ದಕ್ಕೆ ತೆರಿಗೆಯ ಶೇ. 50, ಅಂದರೆ 2,34,000. ತೆರಿಗೆ ಮತ್ತು ಬಡ್ಡಿ ಪೂರ್ತಿ ಕಟ್ಟಿ, ಆದೇಶ ಕೈಗೆ ಬಂದ ತಿಂಗಳ ಕೊನೆಯಿಂದ ಒಂದು ತಿಂಗಳೊಳಗೆ ಅರ್ಜಿ ಹಾಕಿದರೆ ದಂಡದಿಂದ ಬಿಡುಗಡೆ ಉಂಟು. ಆದರೆ ಆ ದಾರಿ ಹಿಡಿದವರು ಮೇಲ್ಮನವಿ ಹಾಕುವಂತಿಲ್ಲ. ಪತ್ರದಲ್ಲಿ ‘ಪರಸ್ಪರ ಒಪ್ಪಿದಂತೆ’ ಎಂದಷ್ಟೇ ಇರುವ ಫರ್ಮು ಈ ಬಿಡುಗಡೆಯ ದಾರಿಯನ್ನು ಗಂಭೀರವಾಗಿ ಯೋಚಿಸಬೇಕು. ಸೂತ್ರವಿರುವ ನಮ್ಮ ಬ್ಯಾಡಗಿ ಫರ್ಮಿಗೆ ಮೇಲ್ಮನವಿಯೇ ಸರಿ, ಯಾಕೆಂದರೆ ಎಲ್ಲ ಸಂಗತಿಯನ್ನು ರಿಟರ್ನಿನಲ್ಲಿ ಬಿಚ್ಚಿಟ್ಟು ಪ್ರಾಮಾಣಿಕ ವಿವರಣೆ ಕೊಟ್ಟ ಕಡೆ ದಂಡ ನಿಲ್ಲುವುದು ಕಷ್ಟ. ಆಡಿಟ್ ಆಗುವ ಫರ್ಮಾದರೆ 3ಸಿಡಿ ನಮೂನೆಯ 21ನೇ ಅಂಶದಲ್ಲಿ ಪಾಲುದಾರರ ಸಂಬಳ, ಬಡ್ಡಿಯ ಬಗ್ಗೆ ಆಡಿಟರ್ ಏನು ಬರೆದಿದ್ದಾರೆ ಎಂದು ಮೊದಲೇ ನೋಡಿಕೊಳ್ಳಬೇಕು. ಉತ್ತರ ಅದಕ್ಕೆ ವಿರುದ್ಧವಾಗಿ ಹೋಗಬಾರದು.

ಈಗ ಬರೆಸುವ ಪತ್ರ

ತಿದ್ದುಪಡಿ ಪತ್ರದಲ್ಲಿ ನಾಲ್ಕು ಮಾತು ಬೇಕು: ದುಡಿಯುವ ಪಾಲುದಾರರ ಹೆಸರು, ಕಾಯಿದೆಯ ಮಿತಿಯಂತೆ ಲೆಕ್ಕ ಹಾಕಿದ ಸಂಬಳ ಎಂಬ ಸೂತ್ರ ಮತ್ತು ಅದು ಇವರ ನಡುವೆ ಇಂಥ ಪ್ರಮಾಣದಲ್ಲಿ ಎಂಬ ಹಂಚಿಕೆ, ಬರಹದಲ್ಲಿ ಒಪ್ಪಿ ಕಡಿಮೆ ಪಡೆಯುವ ಅವಕಾಶ, ಬಂಡವಾಳ, ಚಾಲ್ತಿ ಮತ್ತು ಸಾಲದ ಖಾತೆ ಮೂರಕ್ಕೂ ಬಡ್ಡಿ ಮತ್ತು ಅದರ ದರ.

ಅಂಕಿಗಳನ್ನೇ ಕಲಮಿನಲ್ಲಿ ಬರೆದಿಟ್ಟ ಪತ್ರಗಳಿಗೆ ಬೇರೊಂದು ತೊಡಕಿದೆ. ‘ಮೊದಲ 3 ಲಕ್ಷಕ್ಕೆ ಶೇ. 90’ ಎಂಬ ಹಳೆಯ ಮಿತಿ ಅದರಲ್ಲಿದ್ದರೆ, ಕಾಯಿದೆ 6 ಲಕ್ಷಕ್ಕೆ ಏರಿದರೂ ಆ ಫರ್ಮು ಹಳೆಯದಕ್ಕೇ ಕಟ್ಟುಬಿದ್ದಿರುತ್ತದೆ. ನಮ್ಮ ಲೆಕ್ಕದಲ್ಲಿ ಅಂಥ ಪತ್ರದಡಿ ಸಿಗುವುದು 11,16,000 ಅಲ್ಲ, 10,26,000. ‘ಆಯಾ ಕಾಲಕ್ಕೆ ಜಾರಿಯಲ್ಲಿರುವ ಮಿತಿ’ ಎಂದು ಬರೆಯುವುದು ಇದಕ್ಕೇ. 2026ರ ಏಪ್ರಿಲ್ 1ರಿಂದ 1961ರ ಕಾಯಿದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯಿದೆ ಬಂದಿದೆ. ಹಳೆಯ ಕಲಮಿನ ಉಲ್ಲೇಖವನ್ನು ಹೊಸ ಕಲಮಿನ ಉಲ್ಲೇಖವೆಂದು ಓದಲು ಜನರಲ್ ಕ್ಲಾಸಸ್ ಕಾಯಿದೆಯ 8ನೇ ಕಲಂ ನೆರವಾಗುತ್ತದೆಯಾದರೂ, ಪತ್ರವನ್ನು ಹೇಗೂ ತಿದ್ದುವಾಗ ‘ಅಥವಾ ಅದರ ಬದಲಿಗೆ ಬಂದ ಕಾಯಿದೆ’ ಎಂದು ಸೇರಿಸಿದರೆ ಮುಂದೆ ವಾದಕ್ಕೆ ಆಸ್ಪದವಿರುವುದಿಲ್ಲ.

ಈ ಹೊಸ ಕಲಂ ನಡೆಯುವುದು ಸಹಿ ಬಿದ್ದ ದಿನದಿಂದ. ವರ್ಷದ ಮಧ್ಯೆ ಸಹಿ ಹಾಕಿದರೆ ಅದಕ್ಕೂ ಮುಂಚಿನ ತಿಂಗಳುಗಳ ಸಂಬಳ, ಬಡ್ಡಿಯನ್ನು ಹಳೆಯ ಪತ್ರದ ಪ್ರಕಾರವೇ ಬೇರೆ ಲೆಕ್ಕ ಹಾಕಿ, ಆ ಎರಡು ಅವಧಿಗಳನ್ನು ಖಾತೆಯಲ್ಲಿ ಬೇರೆಬೇರೆಯಾಗಿ ತೋರಿಸಬೇಕು.